ಆ ಮಾತು ಬಂದದ್ದು ಯಾವ ಹೊತ್ತಿನಲ್ಲಿ?

ಹೋದ ಭಾನುವಾರ ಬೂವನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಜಗಲಿ ಮೇಲೆ ತಾತ, ಮೊಮ್ಮಗಳು ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದರು. ಮೊಮ್ಮಗಳು ಹತ್ತನೇ ತರಗತಿ. ಕಿರುಪರೀಕ್ಷೆಯಲ್ಲಿ ‘ಸಂದರ್ಭ ಸಹಿತ ವಿವರಿಸಿ’ ಎಂಬ ಪ್ರಶ್ನೆಗೆ ಮೂರಕ್ಕೆ ಒಂದೇ ಅಂಕ ಬಂದಿತ್ತು.

“ತಾತ ಹೇಳ್ಕೊಟ್ಟ ಹಾಗೇ ಬರ್ದೆ, ಟೀಚರಜ್ಜಿ” ಎಂದಳು. ತಾತ ಬಿಡಲಿಲ್ಲ. “ಕಥೇಲಿ ಏನು ತಪ್ಪಿದೆ ನೀವೇ ನೋಡಿ, ಟೀಚರಮ್ಮ. ನಾವು ಓದೋವಾಗ ಸಂದರ್ಭ ಸೂಚಿಸಿ ಸ್ವಾರಸ್ಯ ಬರೀರಿ ಅಂತ ಕೇಳೋರು. ನನಗೆ ಗೊತ್ತಿಲ್ವಾ?”

ಉತ್ತರಪತ್ರಿಕೆ ತೆಗೆದು ನೋಡಿದೆ. ಪಾಠ ದುರ್ಗಸಿಂಹನ ‘ವೃಕ್ಷಸಾಕ್ಷಿ’. ಕಥೆಯಲ್ಲಿ ಏನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಕಥೆಯನ್ನು ಪೂರ್ತಿ ಬರೆದದ್ದರಲ್ಲಿ.

ಕಥೆ ಅಜ್ಜ ಅಜ್ಜಿಯರಿಗೆಲ್ಲ ಗೊತ್ತಿರುವುದೇ. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬ ಗೆಳೆಯರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಒಬ್ಬನೇ ಹೋಗಿ ಅದನ್ನು ಕದ್ದು, ಕಳ್ಳ ಧರ್ಮಬುದ್ಧಿಯೇ ಎಂದು ದೂರು ಕೊಡುತ್ತಾನೆ. ಸಾಕ್ಷಿ ಯಾರೆಂದು ಕೇಳಿದರೆ ಆ ಮರವೇ ಸಾಕ್ಷಿ ಅನ್ನುತ್ತಾನೆ. ಆ ರಾತ್ರಿ ತನ್ನ ತಂದೆ ಪ್ರೇಮಮತಿಯನ್ನು ಗುಟ್ಟಾಗಿ ಕರೆದು, ನೀನು ಮರದ ಪೊಟರೆಯಲ್ಲಿ ಅಡಗಿ ನಾಳೆ ಸುಳ್ಳು ಸಾಕ್ಷಿ ನುಡಿ ಎನ್ನುತ್ತಾನೆ. ನಿನ್ನ ಈ ಕೆಟ್ಟ ಬುದ್ಧಿ ನಮ್ಮ ಕುಲವನ್ನೇ ಅಳಿಸುತ್ತದೆ ಎಂಬರ್ಥದ ಮಾತನ್ನು ತಂದೆ ಆಗ ಹೇಳುತ್ತಾನೆ. ಪ್ರಶ್ನೆಗೆ ಬಂದಿದ್ದದ್ದು ಆ ಮಾತೇ.

ಮೂರು ಅಂಕಕ್ಕೆ ಮೂರು ಭಾಗ: ಆಯ್ಕೆ, ಸಂದರ್ಭ, ಸ್ವಾರಸ್ಯ. ಆಯ್ಕೆಯನ್ನು ಹುಡುಗಿ ಸರಿಯಾಗಿ ಬರೆದಿದ್ದಳು. ದುರ್ಗಸಿಂಹನ ‘ಕರ್ಣಾಟಕ ಪಂಚತಂತ್ರ’ದಿಂದ ಆಯ್ದ ‘ವೃಕ್ಷಸಾಕ್ಷಿ’ ಪಾಠದ ಮಾತಿದು ಎಂದು. ಸಿಕ್ಕಿದ ಒಂದು ಅಂಕ ಅದರದ್ದೇ.

ಸಂದರ್ಭದಲ್ಲಿ ಹೊನ್ನು ಹೂತದ್ದರಿಂದ ಶುರುಮಾಡಿ ಪೊಟರೆಗೆ ಬೆಂಕಿ ಬೀಳುವವರೆಗೆ ಒಂದು ಪುಟ ತುಂಬಿಸಿದ್ದಳು. ಆದರೆ ಆ ಮಾತು ಯಾರದು, ಯಾರಿಗೆ, ಯಾವಾಗ ಹೇಳಿದ್ದು ಎಂಬುದೇ ಅದರಲ್ಲಿ ಇರಲಿಲ್ಲ. ಸಂದರ್ಭವೆಂದರೆ ಕಥೆಯ ಸಾರಾಂಶವಲ್ಲ. ಆ ಮಾತು ಬಾಯಿಂದ ಬರುವುದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು ಎಂಬಷ್ಟೇ. ಇಲ್ಲಿ ಎರಡು ಮೂರು ವಾಕ್ಯ ಸಾಕಿತ್ತು: ಮರವೇ ಸಾಕ್ಷಿ ಎಂದು ಹೇಳಿಬಂದ ದುಷ್ಟಬುದ್ಧಿ ರಾತ್ರಿ ತಂದೆಯನ್ನು ಪೊಟರೆಯಲ್ಲಿ ಅಡಗಲು ಕೇಳಿದಾಗ, ಪ್ರೇಮಮತಿ ಮಗನಿಗೆ ಈ ಮಾತು ಹೇಳುತ್ತಾನೆ.

ಸ್ವಾರಸ್ಯದ ಕಡೆ ಬಂದರೆ, ‘ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ. ಕೆಟ್ಟದ್ದು ಮಾಡಬಾರದು ಎಂದು ತಿಳಿಯುತ್ತದೆ’ ಎಂದಿತ್ತು. ನಾನು ಮೂವತ್ತು ವರ್ಷ ಕನ್ನಡ ಪತ್ರಿಕೆ ತಿದ್ದಿದವಳು. ಈ ಸಾಲನ್ನು ಎಷ್ಟು ಸಾವಿರ ಸಲ ಓದಿದ್ದೇನೋ! ಯಾವ ಪಾಠಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತದೆ, ಅದಕ್ಕೇ ಅದಕ್ಕೆ ಅಂಕ ಸಿಗುವುದಿಲ್ಲ. ಇನ್ನು ಕೆಲವರು ಕೊಟ್ಟ ಮಾತನ್ನೇ ಹೊಸಗನ್ನಡದಲ್ಲಿ ತಿರುಗಿಸಿ ಬರೆಯುತ್ತಾರೆ. ಅದು ಅರ್ಥವಾಯಿತು, ಸ್ವಾರಸ್ಯವಾಗಲಿಲ್ಲ.

ತಾತನನ್ನೇ ಕೇಳಿದೆ: “ಯಜಮಾನ್ರೇ, ಪೊಟರೆಗೆ ಬೆಂಕಿ ಬಿದ್ದ ಮೇಲೆ ಆ ಅಪ್ಪ ಈ ಮಾತು ಆಡಿದ್ದರೆ ಏನಾಗ್ತಿತ್ತು?”

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯೋವಾಗಿನ ಗೋಳು ಅಷ್ಟೇ” ಎಂದರು.

“ಹಿಂದಿನ ರಾತ್ರಿ ಆಡಿದ್ದರಿಂದ?”

ಉತ್ತರ ಮೊಮ್ಮಗಳಿಂದ ಬಂತು. “ಅವನಿಗೆ ಮೊದಲೇ ಗೊತ್ತಿತ್ತು ಟೀಚರಜ್ಜಿ. ಮಗನಿಗೆ ಬುದ್ಧಿ ಹೇಳ್ದ. ಆದ್ರೂ ಹೋಗಿ ಪೊಟರೆಯೊಳಗೆ ಕೂತ್ಕೊಂಡ.”

ಅದೇ ಸ್ವಾರಸ್ಯ. ಎಚ್ಚರಿಕೆ ಕೊಟ್ಟವನೇ ಆ ಕೇಡಿಗೆ ಮೊದಲ ಬಲಿ. ಮಾತು ಬಂದ ಹೊತ್ತನ್ನು ಸರಿಯಾಗಿ ಹಿಡಿಯದಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ. ಸಂದರ್ಭ ತಪ್ಪಿದವರ ಸ್ವಾರಸ್ಯವೂ ಸೊರಗುವುದು ಇದಕ್ಕೇ.

ಮನೆಯಲ್ಲಿ ಪಾಠ ಹೇಳಿಕೊಡುವ ಅಜ್ಜ ಅಜ್ಜಿಯರು ಕಥೆಯನ್ನು ಪೂರ್ತಿ ಹೇಳಿ, ಬೇಡವೆನ್ನುವುದಿಲ್ಲ. ಮುಗಿದ ಮೇಲೆ ಒಂದು ಮಾತನ್ನು ಎತ್ತಿಕೊಂಡು ಇದು ಯಾರು ಯಾರಿಗೆ ಹೇಳಿದ್ದು, ಇದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಇದೇ ಮಾತು ಬೇರೆ ಹೊತ್ತಿನಲ್ಲಿ ಬಂದಿದ್ದರೆ ಏನು ಬದಲಾಗುತ್ತಿತ್ತು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಗು ಕೊಡುವ ಉತ್ತರವನ್ನು ಹಾಗೇ ಬರೆಸಿ.

ಹುಡುಗಿ ಅಲ್ಲೇ ಜಗಲಿಯ ಮೇಲೆ ಉತ್ತರವನ್ನು ಮತ್ತೆ ಬರೆದಳು. ಏಳೇ ಸಾಲು. ತಾತ ಕನ್ನಡಕ ಏರಿಸಿ ಓದಿ, “ಇಷ್ಟೇ ಸಾಕಾ?” ಎಂದು ನನ್ನ ಕಡೆ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಅಲ್ಲ ಕಣವ್ವ, ಗೊತ್ತಿದ್ದೂ ಯಾಕೆ ಹೋದ ಅವನು?” ಎಂದರು.

“ಮಗ ಅಲ್ವಾ ತಾತ” ಅಂದಳು. ಅದನ್ನೂ ಕೊನೆಗೆ ಒಂದು ಸಾಲು ಸೇರಿಸಿಕೊಂಡಳು.