ರೋಗಾಣು ಪಾಠ ಕಲಿಯುವುದಿಲ್ಲ

ಆ್ಯಂಟಿಬಯೋಟಿಕ್ ಮಾತ್ರೆ ಕೆಲಸ ಮಾಡದಿದ್ದರೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ದೇಹಕ್ಕೆ ಆ ಮದ್ದು ಅಭ್ಯಾಸವಾಗಿದೆ" ಎಂಬುದು ಒಂದು. "ರೋಗಾಣು ಮದ್ದಿಗೆ ಒಗ್ಗಿಕೊಂಡಿದೆ" ಎಂಬುದು ಇನ್ನೊಂದು. ಎರಡೂ ನಮ್ಮನ್ನು ದಾರಿ ತಪ್ಪಿಸುವ ಮಾತುಗಳು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ವೈದ್ಯಕೀಯವಲ್ಲ. ಆದರೆ ಇದನ್ನು ಪರೀಕ್ಷಿಸಿದ ಒಂದು ಪ್ರಯೋಗ ಅಂಗಡಿಯವನ ಮಗನಿಗೂ ಅರ್ಥವಾಗುವಂಥದ್ದು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಒಂದು ತುಂಡು ವೆಲ್ವೆಟ್ ಬಟ್ಟೆ.

ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದರು. ಮದ್ದಿಲ್ಲದ ತಟ್ಟೆಯಲ್ಲಿ ಅವರು ಬ್ಯಾಕ್ಟೀರಿಯಾ ಬೆಳೆಸಿದರು. ಅದರ ಮೇಲೆ ವೆಲ್ವೆಟ್ ಒತ್ತಿದಾಗ ಬಟ್ಟೆಯ ನವಿರು ಎಳೆಗಳಿಗೆ ಬ್ಯಾಕ್ಟೀರಿಯಾ ಅಂಟಿಕೊಂಡವು. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಮದ್ದಿರುವ ಬೇರೆ ತಟ್ಟೆಗಳ ಮೇಲೆ ಮೊಹರಿನಂತೆ ಒತ್ತಿದರು. ಹೆಚ್ಚುಕಡಿಮೆ ಎಲ್ಲ ಬ್ಯಾಕ್ಟೀರಿಯಾ ಸತ್ತವು, ಎಲ್ಲೋ ಒಂದೆರಡು ಕಡೆ ಮಾತ್ರ ಬೆಳೆದವು. ಗಮನಿಸಬೇಕಾದದ್ದು ಇಲ್ಲಿ: ಪ್ರತಿ ತಟ್ಟೆಯಲ್ಲೂ ಅವು ಅದೇ ಜಾಗದಲ್ಲಿ ಬೆಳೆದಿದ್ದವು.

ಮದ್ದು ತಗುಲಿದ ಮೇಲೆ ಕಲಿತಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಜಾಗದಲ್ಲಿ ಬೆಳೆಯಬೇಕಿತ್ತು. ಅವರು ಮತ್ತೆ ಮೂಲ ತಟ್ಟೆಗೆ ಹೋಗಿ, ಅದೇ ಜಾಗದ ಬ್ಯಾಕ್ಟೀರಿಯಾ ತೆಗೆದು ಬೆಳೆಸಿದರು. ಹೀಗೆ ಹಲವು ಸುತ್ತು ಮಾಡಿದಾಗ, ಮದ್ದಿನ ಮುಖವನ್ನೇ ಕಾಣದ, ಆದರೂ ಮದ್ದಿಗೆ ಸಾಯದ ಸಂತತಿ ಸಿಕ್ಕಿತು. ಅಂದರೆ ಆ ಗುಣ ಮೊದಲೇ ಇತ್ತು. ವಂಶವಾಹಿ ನಕಲಾಗುವಾಗ ಆದ ಆಕಸ್ಮಿಕ ವ್ಯತ್ಯಾಸದಿಂದ ಅದು ಬಂದಿತ್ತು. ಮದ್ದು ಯಾರಿಗೂ ಪಾಠ ಹೇಳಲಿಲ್ಲ, ಉಳಿದವರನ್ನು ಕೊಂದು ಜಾಗ ಖಾಲಿ ಮಾಡಿತು, ಅಷ್ಟೆ. ನೈಸರ್ಗಿಕ ಆಯ್ಕೆ ಎಂದರೆ ಇದೇ. ಬದಲಾಗುವುದು ಒಂದು ಜೀವಿಯಲ್ಲ, ಗುಂಪಿನಲ್ಲಿ ಯಾರು ಎಷ್ಟು ಮಂದಿ ಎಂಬ ಲೆಕ್ಕ.

ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಇಂಥ ವಂಶವಾಹಿಯನ್ನು ದಾಟಿಸುವುದೂ ಉಂಟು. ಅದು ಕೂಡ ಪ್ರಯತ್ನಪಟ್ಟು ಕಲಿತದ್ದಲ್ಲ, ಕೈಯಿಂದ ಕೈಗೆ ಬಂದದ್ದು.

ಮಾತು ಬದಲಾದರೆ ಏನು ಲಾಭ ಎಂದು ಕೇಳಬಹುದು. "ದೇಹಕ್ಕೆ ಅಭ್ಯಾಸ" ಎಂದು ನಂಬಿದವರು "ನಾನು ಅಪರೂಪಕ್ಕೆ ನುಂಗುವವನು, ನನಗೇನೂ ಆಗದು" ಎನ್ನುತ್ತಾರೆ. ಆದರೆ ಮದ್ದಿಗೆ ಜಗ್ಗದ ರೋಗಾಣು ಯಾರ ದೇಹದಲ್ಲಿ ಹೆಚ್ಚಿದರೂ ಪಕ್ಕದವರಿಗೆ ದಾಟುತ್ತದೆ. ಒಂದು ಮಾತ್ರೆಯನ್ನೂ ನುಂಗದ ಉಮ್ಮನಿಗೂ, ಮಗುವಿಗೂ ಅದು ಬರಬಹುದು. ಸಾಮಾನ್ಯ ಶೀತ ವೈರಸ್‌ನಿಂದ ಬರುವುದು. ಆ್ಯಂಟಿಬಯೋಟಿಕ್ ವೈರಸನ್ನು ಮುಟ್ಟುವುದೇ ಇಲ್ಲ, ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಆಯ್ಕೆ ನಡೆಸುತ್ತದೆ. ಹಾಗಾಗಿ ಶೀತಕ್ಕೆಂದು ಹಳೆಯ ಚೀಟಿ ತೋರಿಸಿ ಮಾತ್ರೆ ತರುವುದು ಆ ಒಬ್ಬರ ಮನೆ ವಿಚಾರವಲ್ಲ ಎಂದೇ ನನ್ನ ಅಭಿಪ್ರಾಯ.