ಒಂದು ರೂಪಾಯಿಯ ಚಂದಾ



ಚಂದಾ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಪತ್ರಿಕೆಗಳಿಗೆ, ವಾಚನಾಲಯಗಳಿಗೆ, ರಾಮೋತ್ಸವದ ಸಮಿತಿಗಳಿಗೆ ಚಂದಾ ಕೊಟ್ಟು ಬಂದವರೇ ನಾವೆಲ್ಲರೂ. ಆದರೆ ಕೈಯಲ್ಲಿರುವ ಫೋನಿನ ಮೂಲಕ ಈಗ ನಡೆಯುವ ಚಂದಾ ಬೇರೊಂದು ಜಾತಿಯದು. ಹಿಂದೆ ಚಂದಾ ಮುಂದುವರಿಯಬೇಕಾದರೆ ನಾವು ಒಂದು ಕೆಲಸವನ್ನು ಮಾಡಬೇಕಾಗಿತ್ತು. ಈಗ ಅದು ನಿಲ್ಲಬೇಕಾದರೆ ನಾವು ಒಂದು ಕೆಲಸವನ್ನು ಮಾಡಬೇಕಾಗಿದೆ. ಆ ಕೆಲಸವನ್ನು ಬೇಕೆಂದೇ ಕಠಿನ ಮಾಡಿಡುವ ವ್ಯಾಪಾರಿಗಳ ವಿಚಾರವನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ.

ಗಣಿಗಳು 2001ರಲ್ಲಿ ಮುಚ್ಚಿದಂದಿನಿಂದ ನಮ್ಮ ಕಡೆಯ ಎಷ್ಟೋ ಮಂದಿಗೆ ಬೆಂಗಳೂರಿನ ರೈಲೇ ಜೀವನಾಧಾರವಾಗಿದೆ. ಹಾಗೆ ಬಂಗಾರಪೇಟೆಯಿಂದ ದಿನವೂ ಹೋಗಿ ಬರುವ ಗೃಹಸ್ಥರೊಬ್ಬರು ತಮ್ಮ ಬ್ಯಾಂಕಿನ ಲೆಕ್ಕಪತ್ರವನ್ನು ತಂದು ನನಗೆ ತೋರಿಸಿದರು. “ಮೇಷ್ಟ್ರೇ, ಎಂಟು ತಿಂಗಳಿಂದ ತಿಂಗಳಿಗೆ 299 ರೂಪಾಯಿ ಹೋಗುತ್ತಲೇ ಇದೆ. ನಾನು ಯಾರಿಗೂ ಕೊಟ್ಟಿಲ್ಲವಲ್ಲ?” ಎಂದು ಅವರು ಕೇಳಿದರು. ಒಟ್ಟು ಮೊತ್ತ 2392 ರೂಪಾಯಿ.

ವಿಚಾರಿಸಲಾಗಿ ಸಂಗತಿ ಹೀಗಿತ್ತು. ರೈಲಿನಲ್ಲಿ ಕುಳಿತಿದ್ದಾಗ ಮಕ್ಕಳ ಗಣಿತಪಾಠದ ಒಂದು ಜಾಹೀರಾತು ಅವರ ಕಣ್ಣಿಗೆ ಬಿತ್ತು. ‘ಏಳು ದಿನಕ್ಕೆ ಒಂದೇ ರೂಪಾಯಿ’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. ಒತ್ತಿದರು, ಹಣ ಕೊಡುವ ಯುಪಿಐ ಕಿಟಕಿ ತೆರೆಯಿತು, ಗುಪ್ತಸಂಖ್ಯೆಯನ್ನು ಒತ್ತಿದರು. ಒಂದು ರೂಪಾಯಿ ಹೋಯಿತು. ಆದರೆ ಆ ಕಿಟಕಿಯಲ್ಲಿ ಒಂದು ರೂಪಾಯಿಯ ಕೆಳಗೆ ಇನ್ನೂ ಮೂರು ಸಾಲುಗಳಿದ್ದುವು: ಗರಿಷ್ಠ ಎಷ್ಟು ಹಣ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ. ಅವರು ಒತ್ತಿದ ಗುಪ್ತಸಂಖ್ಯೆಯು ಒಂದು ರೂಪಾಯಿಯ ಪಾವತಿಗೆ ಮಾತ್ರವಲ್ಲದೆ ಈ ಮೂರು ಸಾಲುಗಳಿಗೂ ಹಾಕಿದ ರುಜುವಾಗಿತ್ತು. ಇದಕ್ಕೆ ಆಟೋಪೇ ಎಂದು ಹೆಸರು. 2020ರ ಜುಲೈನಲ್ಲಿ ಯುಪಿಐಯಲ್ಲಿ ಇದು ಬಳಕೆಗೆ ಬಂದಿತು. ವ್ಯವಸ್ಥೆ ತಾನಾಗಿ ಕೆಟ್ಟದ್ದಲ್ಲ; ವಿದ್ಯುತ್ತಿನ ಬಿಲ್ಲು, ವಿಮೆಯ ಕಂತು ಮೊದಲಾದುವಕ್ಕೆ ಅದು ಬಹಳ ಅನುಕೂಲ.

ಐದನೆಯ ದಿನ ಆ ಮಹನೀಯರು ಪಾಠ ಸಾಕೆಂದು ಆ್ಯಪನ್ನು ಫೋನಿನಿಂದ ತೆಗೆದುಹಾಕಿದರು. ಅಲ್ಲಿಗೆ ಸಂಬಂಧ ತೀರಿತೆಂದು ಅವರ ಭಾವನೆ. ನೂರಕ್ಕೆ ತೊಂಬತ್ತು ಮಂದಿ ಹಾಗೆಯೇ ಭಾವಿಸಿಯಾರು. ಆದರೆ ಆ್ಯಪನ್ನು ಅಳಿಸುವುದೆಂದರೆ ಅಂಗಡಿಯ ಕಡೆಗೆ ಬೆನ್ನು ತಿರುಗಿಸಿದಂತೆ ಮಾತ್ರ. ಅಂಗಡಿಯವನ ಕೈಯಲ್ಲಿರುವ ಅಧಿಕಾರಪತ್ರವು ಅವನ ಕೈಯಲ್ಲಿಯೇ ಉಳಿಯುತ್ತದೆ.

ನಾವಿಬ್ಬರೂ ಕುಳಿತು ಆ್ಯಪನ್ನು ಮತ್ತೆ ಇಳಿಸಿಕೊಂಡು ಚಂದಾ ನಿಲ್ಲಿಸುವ ದಾರಿಯನ್ನು ಹುಡುಕಿದೆವು. ಸೇರುವ ಗುಂಡಿ ಮೊದಲನೆಯ ಪುಟದಲ್ಲಿಯೇ ಹಸುರು ಬಣ್ಣದಲ್ಲಿ ಹೊಳೆಯುತ್ತಿತ್ತು. ಬಿಡುವ ಗುಂಡಿಯಾದರೋ ಖಾತೆಯ ಪುಟದಲ್ಲಿಲ್ಲ, ಪಾವತಿಯ ಪುಟದಲ್ಲಿಲ್ಲ. ‘ಸಹಾಯ’ ಎಂಬಲ್ಲಿಗೆ ಹೋಗಿ, ಪ್ರಶ್ನೋತ್ತರಗಳ ನಡುವೆ ಬೂದುಬಣ್ಣದ ಒಂದು ಸಾಲಾಗಿ ಸಿಕ್ಕಿತು. ಅದನ್ನೊತ್ತಿದರೆ ಕಾರಣವೇನೆಂಬ ಪ್ರಶ್ನೆ. ಕಾರಣ ಹೇಳಿದರೆ ಅರ್ಧ ಬೆಲೆಯ ಆಮಿಷ. ಅದನ್ನೂ ಬೇಡವೆಂದರೆ ‘ಮಗುವಿನ ಭವಿಷ್ಯದ ಚಿಂತೆ ನನಗಿಲ್ಲ’ ಎಂಬ ಅರ್ಥದ ಗುಂಡಿ. ಒಬ್ಬ ತಂದೆಯಿಂದ ಆ ಮಾತನ್ನು ಒತ್ತಿಸುವುದು ವ್ಯಾಪಾರವೇ? ಕೊನೆಗೆ, ಕಚೇರಿಯ ವೇಳೆಯಲ್ಲಿ ದೂರವಾಣಿ ಮಾಡಿರಿ ಎಂಬ ಸೂಚನೆ. ಆ ವೇಳೆಯಲ್ಲಿ ಅವರು ಬೆಂಗಳೂರಿನಲ್ಲಿ ಯಂತ್ರದ ಮುಂದೆ ನಿಂತಿರುತ್ತಾರೆ.

ಚಕ್ರವ್ಯೂಹದಲ್ಲಿ ಸಿಕ್ಕಿದ ಅಭಿಮನ್ಯುವನ್ನು ನಾನು ನೆನೆದುದು ಸಹಜ. ಆದರೆ ನಮ್ಮೂರಿನ ಹೋಲಿಕೆಯೇ ಇನ್ನೂ ಹತ್ತಿರವಾದೀತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚಾಗಿತ್ತು. ಅಷ್ಟು ಆಳಕ್ಕೆ ಕೆಲಸಗಾರನನ್ನು ಇಳಿಸಿದ ಕೇಜೇ ಪಾಳಿ ಮುಗಿದ ಮೇಲೆ ಅವನನ್ನು ಮೇಲಕ್ಕೂ ತರುತ್ತಿತ್ತು. ಇಳಿಯುವವರಿಗೆ ಕೇಜು, ಹತ್ತುವವರಿಗೆ ನೂಲೇಣಿ ಎಂದು ಯಾರಾದರೂ ಏರ್ಪಡಿಸಿದ್ದರೆ ಗಣಿಯೊಳಕ್ಕೆ ಯಾರು ಇಳಿಯುತ್ತಿದ್ದರು?

ಮೌನವನ್ನು ಸಮ್ಮತಿಯೆಂದು ತಿಳಿಯುವ ಪದ್ಧತಿ ಹಿಂದೆಯೂ ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವರ್ಷದ ಚಂದಾ ಮುಗಿದಾಗ ಮಾಸಪತ್ರಿಕೆಗಳ ವ್ಯವಸ್ಥಾಪಕರು, ಬೇಡವೆಂದು ತಿಳಿಸದವರಿಗೆ ಮುಂದಿನ ಸಂಚಿಕೆಯನ್ನು ವಿ.ಪಿ. ಮೂಲಕ ಕಳುಹಿಸುವುದಾಗಿ ಪ್ರಕಟಿಸುತ್ತಿದ್ದರು. ನಾವು ಒಂದು ಕಾರ್ಡನ್ನು ಬರೆಯಲು ಮರೆತರೆ ಟಪಾಲಿನವನು ವಿ.ಪಿ. ಹಿಡಿದು ಬಾಗಿಲಿಗೆ ಬರುತ್ತಿದ್ದ. ಆದರೆ ಹಣ ನಮ್ಮ ಪೆಟ್ಟಿಗೆಯಲ್ಲಿಯೇ ಇರುತ್ತಿತ್ತು. ಬೇಡವೆಂದು ಹಿಂದಿರುಗಿಸಿದರೆ ಅಂಚೆವೆಚ್ಚವು ಕಳುಹಿಸಿದವರ ತಲೆಯ ಮೇಲೆ. ಎಂದರೆ, ನಮ್ಮ ಮನಸ್ಸನ್ನು ತಪ್ಪಾಗಿ ಊಹಿಸಿದುದರ ನಷ್ಟವು ಊಹಿಸಿದವರದೇ ಆಗುತ್ತಿತ್ತು. ಈಗಿನ ಚಂದಾದಲ್ಲಿ ಊಹೆ ವ್ಯಾಪಾರಿಯದು, ನಷ್ಟ ಗಿರಾಕಿಯದು. ಊಹೆ ತಪ್ಪಿದಷ್ಟೂ ಲಾಭವೆಂದಾದಾಗ ಸರಿಯಾಗಿ ಊಹಿಸುವ ಶ್ರಮವನ್ನು ಯಾರು ತೆಗೆದುಕೊಳ್ಳುತ್ತಾರೆ?

ಇಷ್ಟು ಬುದ್ಧಿವಂತರಾದ ವ್ಯಾಪಾರಿಗಳು ತಮ್ಮ ಹೆಸರನ್ನೇ ಕೆಡಿಸಿಕೊಳ್ಳುವುದೇಕೆ? ನನಗೆ ತೋರುವ ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಬಿಡುವ ಗುಂಡಿಯನ್ನು ಬಚ್ಚಿಟ್ಟ ತಿಂಗಳಿನಲ್ಲಿಯೇ ಬಿಟ್ಟುಹೋಗುವವರ ಸಂಖ್ಯೆ ಇಳಿಯುತ್ತದೆ. ಅದು ಮೇಲಧಿಕಾರಿಯ ಕಣ್ಣಿಗೆ ಕಾಣುತ್ತದೆ. ಮನಸ್ಸೊಪ್ಪಿ ಉಳಿದವರೂ ದಾರಿ ಕಾಣದೆ ಉಳಿದವರೂ ಆ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿರುತ್ತಾರೆ. ಎರಡನೆಯವರ ಕೋಪವು ಎಷ್ಟೋ ತಿಂಗಳ ಮೇಲೆ, ಬೇರೆ ಯಾವುದೋ ಪುಟದಲ್ಲಿ, ಹೆಸರಿಲ್ಲದ ನಷ್ಟವಾಗಿ ಬರುತ್ತದೆ.

ನಮ್ಮ ಗೃಹಸ್ಥರ ಲೆಕ್ಕವನ್ನೇ ಮಾಡಿ ನೋಡೋಣ. ಆ ಪಾಠಗಳು ಚೆನ್ನಾಗಿದ್ದುವೆಂದು ಅವರೇ ಹೇಳಿದರು. ಅವರ ಮಗ ಈಗ ಐದನೆಯ ತರಗತಿ. ಬೇಕೆಂದಾಗ ಸೇರಿ ಬೇಡವೆಂದಾಗ ಬಿಡುವಂತಿದ್ದರೆ ಪರೀಕ್ಷೆಯ ಮೂರು ತಿಂಗಳುಗಳಿಗೆ ಪ್ರತಿವರ್ಷವೂ ಚಂದಾ ಕಟ್ಟುತ್ತಿದ್ದರಂತೆ. ವರ್ಷಕ್ಕೆ 897 ರೂಪಾಯಿ; ಹತ್ತನೆಯ ತರಗತಿಯವರೆಗೆ ಆರು ವರ್ಷಗಳಲ್ಲಿ 5382 ರೂಪಾಯಿ. ಕಂಪನಿಯು 2392 ರೂಪಾಯಿಯನ್ನು ಕಿತ್ತುಕೊಂಡು 5382 ರೂಪಾಯಿಯ ಗಿರಾಕಿಯನ್ನು ಕಳೆದುಕೊಂಡಿತು. ರೈಲಿನ ಡಬ್ಬಿಯಲ್ಲಿ ದಿನವೂ ಜೊತೆಗೆ ಕೂರುವವರೆಲ್ಲರಿಗೂ ಈಗ ಆ ಕಂಪನಿಯ ಹೆಸರು ಗೊತ್ತು. ಇನ್ನೂ ಒಂದು ಮಾತು: ಅವರು ಈಗ ಯಾವ ಒಂದು ರೂಪಾಯಿಯ ಜಾಹೀರಾತನ್ನೂ ನಂಬುವುದಿಲ್ಲ. ನಾಳೆ ಪ್ರಾಮಾಣಿಕನಾದ ಮತ್ತೊಬ್ಬನು ಬಂದರೆ ಅವನಿಗೂ ಬಾಗಿಲು ಮುಚ್ಚಿದೆ.

ಇದು ಸಣ್ಣ ವ್ಯಾಪಾರಿಗಳ ಕುಚೇಷ್ಟೆ ಮಾತ್ರವೆಂದು ತಿಳಿಯಬಾರದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯು 2023ರ ಜೂನ್‌ನಲ್ಲಿ ಅಮೆಜಾನ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಪ್ರೈಮ್ ಎಂಬ ಚಂದಾಕ್ಕೆ ಜನರನ್ನು ಅವರ ಸ್ಪಷ್ಟ ಸಮ್ಮತಿಯಿಲ್ಲದೆ ಸೇರಿಸಿಕೊಂಡರೆಂದೂ, ಬಿಡಬೇಕಾದರೆ ನಾಲ್ಕು ಪುಟಗಳನ್ನು ದಾಟಿ ಆರು ಬಾರಿ ಒತ್ತಬೇಕಾಗಿತ್ತೆಂದೂ ಅದರ ಆಪಾದನೆ. ಈ ಬಿಡುವ ವಿಧಾನಕ್ಕೆ ಕಂಪನಿಯೊಳಗೆ ‘ಇಲಿಯಡ್’ ಎಂದು ಹೆಸರಿತ್ತಂತೆ. ಟ್ರಾಯ್ ನಗರದ ದೀರ್ಘ ಯುದ್ಧವನ್ನು ಹೇಳುವ ಗ್ರೀಕರ ಮಹಾಕಾವ್ಯದ ಹೆಸರು. ಹೆಸರಿಟ್ಟವನಿಗೆ ಕಾವ್ಯಜ್ಞಾನವಾದರೂ ಇತ್ತೆಂದು ಸಂತೋಷಪಡೋಣ! ಗಮನಿಸತಕ್ಕ ಸಂಗತಿ ಇನ್ನೊಂದು. ಅದೇ ಕಂಪನಿಯು 2022ರ ಜುಲೈ ವೇಳೆಗೆ, ಯುರೋಪಿನ ಅಧಿಕಾರಿಗಳ ಒತ್ತಾಯದ ಮೇರೆಗೆ, ಅಲ್ಲಿನ ಗಿರಾಕಿಗಳು ಎರಡೇ ಬಾರಿ ಒತ್ತಿ ಬಿಡುವಂತೆ ಮಾಡಲು ಒಪ್ಪಿತ್ತು. ಒಂದು ಖಂಡದಲ್ಲಿ ಸಾಧ್ಯವಾದುದು ಮತ್ತೊಂದರಲ್ಲಿ ಅಸಾಧ್ಯವೆಂದು ಯಾರೂ ನಂಬಲಾರರು. 2025ರ ಸೆಪ್ಟೆಂಬರಿನಲ್ಲಿ ಮೊಕದ್ದಮೆ ರಾಜಿಯಾಯಿತು. ಕಂಪನಿಯು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೆ 100 ಕೋಟಿ ಡಾಲರು ದಂಡವನ್ನೂ, ಗಿರಾಕಿಗಳಿಗೆ ಹಿಂದಿರುಗಿಸಲು 150 ಕೋಟಿ ಡಾಲರನ್ನೂ ಕೊಡಲು ಒಪ್ಪಿತು.

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂಥ ಕಪಟ ವಿನ್ಯಾಸಗಳ ಮೇಲೆ ಮಾರ್ಗಸೂಚಿಯನ್ನು ಹೊರಡಿಸಿತು. ಇಂಗ್ಲಿಷಿನಲ್ಲಿ ಇವುಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು. ಅದರಲ್ಲಿ ಹೇಳಿದ ಹದಿಮೂರು ಬಗೆಗಳಲ್ಲಿ ಚಂದಾದ ಬಲೆಯೂ ಒಂದು. ಬಿಡುವ ದಾರಿಯನ್ನು ಮರೆಮಾಡುವುದು, ಅದನ್ನು ಉದ್ದವಾಗಿ ಗೊಂದಲಮಯವಾಗಿ ಮಾಡುವುದು ಮಾತ್ರವಲ್ಲದೆ, ಉಚಿತ ಚಂದಾಕ್ಕೆಂದು ಬಂದವನಿಂದ ಹಣ ಸೆಳೆಯುವ ಅಧಿಕಾರವನ್ನು ಬಲವಂತವಾಗಿ ಪಡೆಯುವುದೂ ಅದರೊಳಗೆ ಸೇರಿದೆ. ಬಿಡುವವನನ್ನು ನಾಚಿಸುವ ಗುಂಡಿಗೂ ಅಲ್ಲಿ ಬೇರೆಯಾಗಿ ಸ್ಥಾನವಿದೆ. ಆದರೆ 299 ರೂಪಾಯಿಗಾಗಿ ದಿನದ ಕೂಲಿಯನ್ನು ಬಿಟ್ಟು ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವರು ಎಷ್ಟು ಮಂದಿ? ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲವೆಂಬುದು ನಿಜ. ಹೋಗಿ ಬರುವ ಹೊತ್ತಿಗೆ ಶುಲ್ಕವುಂಟಷ್ಟೆ. ಬಲೆ ಹೂಡುವವರಿಗೆ ಇದು ಚೆನ್ನಾಗಿ ಗೊತ್ತು. ಆದುದರಿಂದಲೇ ಮೊತ್ತವು ಸಿಟ್ಟು ಬರುವಷ್ಟು ಇರುತ್ತದೆ, ಹೋರಾಡುವಷ್ಟು ಇರುವುದಿಲ್ಲ.

ಹೆಚ್ಚು ಉಪಯುಕ್ತವಾದ ರಕ್ಷಣೆ ರಿಸರ್ವ್ ಬ್ಯಾಂಕಿನದು. ಅದರ ನಿಯಮದಂತೆ ಪ್ರತಿ ಕಂತನ್ನು ಸೆಳೆಯುವುದಕ್ಕೆ ಕನಿಷ್ಠ 24 ಗಂಟೆಗಳ ಮುಂಚೆ ಬ್ಯಾಂಕಿನಿಂದ ಸೂಚನೆ ಬರಬೇಕು, ಅದರಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ದಿನ ಇರಬೇಕು, ಬೇಡವೆನ್ನಲು ಅವಕಾಶವಿರಬೇಕು. ಸಾಮಾನ್ಯವಾಗಿ 15,000 ರೂಪಾಯಿಯವರೆಗಿನ ಕಂತಿಗೆ ಮತ್ತೆ ಗುಪ್ತಸಂಖ್ಯೆಯನ್ನು ಕೇಳುವುದಿಲ್ಲ, ಸೂಚನೆಯೊಂದೇ ಕಾವಲುಗಾರ. ಆ ಗೃಹಸ್ಥರ ಫೋನಿನಲ್ಲಿ ಹುಡುಕಿದಾಗ ಎಂಟು ಸೂಚನೆಗಳೂ ಇದ್ದುವು. ಸಾಲ ಕೊಡುತ್ತೇವೆ, ನಿವೇಶನ ಕೊಡುತ್ತೇವೆ ಎಂಬ ಸಂದೇಶಗಳ ರಾಶಿಯಡಿಯಲ್ಲಿ ಒಂದನ್ನೂ ಅವರು ಓದಿರಲಿಲ್ಲ.

ಚಂದಾ ನಿಲ್ಲಿಸಲು ವ್ಯಾಪಾರಿಯ ಅಪ್ಪಣೆ ಬೇಕಾಗಿಲ್ಲವೆಂಬುದು ಮುಖ್ಯ ಸಂಗತಿ. ನೀವು ಹಣ ಕೊಡಲು ಬಳಸುವ ಯುಪಿಐ ಆ್ಯಪಿನಲ್ಲಿಯೇ ‘Autopay’ ಅಥವಾ ‘Mandates’ ಎಂಬ ಹೆಸರಿನ ಪುಟವಿರುತ್ತದೆ. ಅಲ್ಲಿ ಯಾರು ಯಾರಿಗೆ ಅಧಿಕಾರ ಕೊಟ್ಟಿದ್ದೀರೆಂಬ ಪಟ್ಟಿ ಸಿಕ್ಕುತ್ತದೆ. ಬೇಡವಾದುದನ್ನು ಅಲ್ಲಿಯೇ ಗುಪ್ತಸಂಖ್ಯೆ ಒತ್ತಿ ರದ್ದು ಮಾಡಬಹುದು. ನಮಗೆ ಹಿಡಿದುದು ಒಂದು ನಿಮಿಷ. ಕಾರ್ಡಿನ ಮೂಲಕ ಕೊಟ್ಟಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿಯೂ, ಗೂಗಲ್ ಪ್ಲೇ ಮೂಲಕ ಸೇರಿದ್ದರೆ ಅದರ ‘Subscriptions’ ಪುಟದಲ್ಲಿಯೂ ರದ್ದು ಮಾಡತಕ್ಕದ್ದು. ಆದರೆ ಇದು ಮುಂದಿನ ಕಂತುಗಳನ್ನು ತಡೆಯುತ್ತದೆಯೇ ಹೊರತು ಹೋದ ಹಣವನ್ನು ತರುವುದಿಲ್ಲ. ಅದಕ್ಕೆ ವ್ಯಾಪಾರಿಗೆ ಒಂದು ಮಿಂಚಂಚೆ ಬರೆದು, ಉತ್ತರ ಬಾರದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬೇಕು. ಸೇರಿದ ದಿನದ ಜಾಹೀರಾತು, ಬಿಡಲು ಹೋದಾಗ ಸಿಕ್ಕಿದ ಒಂದೊಂದು ಪುಟ, ಬ್ಯಾಂಕಿನ ಲೆಕ್ಕಪತ್ರ, ಇಷ್ಟರ ಚಿತ್ರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿರಿ; ದೂರು ಹೋದ ಮೇಲೆ ಆ ಪುಟಗಳು ರೂಪ ಬದಲಿಸಿಕೊಳ್ಳುವುದುಂಟು.