ಮುಂಗಡ ಬಂದ ಹಣ ಮಾರಾಟವಲ್ಲ

ಸದಸ್ಯ ಬಾಂಧವರಲ್ಲಿ ಅನೇಕರು ಮಾರ್ಚ್ ತಿಂಗಳು ಬಂತೆಂದರೆ ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ವರ್ಷ ಸಂಘಕ್ಕೆ ಎಷ್ಟು ಲಾಭ ಬಂತು?" ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಗೆ ನಾವು ಬಹಳ ಹುರುಪಿನಿಂದ ಉತ್ತರ ಕೊಟ್ಟೆವು. ಆ ಉತ್ತರದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ನಮ್ಮದಲ್ಲದ ಹಣ ಸೇರಿತ್ತು. ಅದು ಹೇಗೆ ಸೇರಿತು, ಸೇರಿದ್ದು ಗೊತ್ತಾಗದೆ ಹೇಗೆ ಉಳಿಯಿತು ಎಂಬುದನ್ನು ಮುಚ್ಚಿಟ್ಟುಕೊಳ್ಳುವುದಕ್ಕಿಂತ ಇಲ್ಲಿ ಬರೆಯುವುದು ಮೇಲೆಂದು ತೋರಿತು. ಮುಂಗಡ ಪಡೆಯುವುದು ಸಂಘ ಮಾತ್ರವಲ್ಲ, ನಮ್ಮಲ್ಲಿ ಬಹುಮಂದಿ ಬೆಳೆಗಾರರೂ ಪಡೆಯುತ್ತಾರಲ್ಲವೆ?

ನಡೆದದ್ದಿಷ್ಟು. ಅಂಕಿಗಳನ್ನು ಎಣಿಕೆಗೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇವೆ, ತೆರಿಗೆಯನ್ನೂ ಬದಿಗಿಟ್ಟಿದ್ದೇವೆ. ಹೊರ ಊರಿನ ಒಬ್ಬ ಗಿರಾಕಿ 20 ಕ್ವಿಂಟಲ್ ರಾಶಿ ಅಡಿಕೆಯನ್ನು ಕ್ವಿಂಟಲಿಗೆ 45,000 ರೂಪಾಯಿಯಂತೆ ಒಪ್ಪಿಕೊಂಡು, ಮಾರ್ಚ್ 10ರಂದು 3,00,000 ರೂಪಾಯಿ ಮುಂಗಡವನ್ನು ಸಂಘದ ಬ್ಯಾಂಕ್ ಖಾತೆಗೆ ಹಾಕಿದರು. ಸದಸ್ಯರಿಂದ ಆ ಅಡಿಕೆಯನ್ನು ನಾವು ಕ್ವಿಂಟಲಿಗೆ 42,000ದಂತೆ ಕೊಂಡಿದ್ದೆವು. 28ರಂದು ಅವರ ಲಾರಿ ಬಂತು. ಲಾರಿಯಲ್ಲಿ ಬೇರೆಯವರ ಸರಕೂ ಇದ್ದುದರಿಂದ 12 ಕ್ವಿಂಟಲ್ ಮಾತ್ರ ಹೋಯಿತು. ಮುಂಗಡವನ್ನು ತೂಕಕ್ಕೆ ಸರಿಯಾಗಿ ಹಂಚಿ ಕಳೆದು, 12 ಕ್ವಿಂಟಲಿನ ಬಾಕಿ 3,60,000 ರೂಪಾಯಿಯನ್ನು ಅವರು ಅಂದೇ ಕಳಿಸಿದರು. ಉಳಿದ 8 ಕ್ವಿಂಟಲ್ ನಮ್ಮ ಗೋದಾಮಿನಲ್ಲೇ ಉಳಿಯಿತು.

ಮುಂಗಡ ಬಂದ ದಿನ ಗುಮಾಸ್ತರು ಕಿರ್ದಿ ಹಿಡಿದು, "ಯಾವ ಬಾಬ್ತಿಗೆ ಜಮಾ ಮಾಡಲಿ?" ಎಂದು ಕೇಳಿದರು. ಕೈಯಲ್ಲಿ ಬೇರೆ ಕೆಲಸವಿತ್ತು. "ಅಡಿಕೆ ಮಾರಾಟಕ್ಕೆ ಹಾಕಿಬಿಡಿ, ಹೇಗೂ ಆಗುವುದೇ ತಾನೆ" ಎಂದೆವು. ತಪ್ಪು ಗುಮಾಸ್ತರದಲ್ಲ, ನಮ್ಮದು.

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದಾಗ ಮಾರಾಟದ ಬಾಬ್ತಿನಲ್ಲಿ 6,60,000 ನಿಂತಿತು. ಗೋದಾಮು ಎಣಿಸಲು ಹೋದವರು 8 ಕ್ವಿಂಟಲ್ ಕಂಡರು. ಕೊಂಡ ಬೆಲೆಯಲ್ಲಿ 3,36,000 ಎಂದು ಆಖೈರು ದಾಸ್ತಾನಿಗೆ ಬರೆದರು. ಅವರು ಬರೆದದ್ದು ಸರಿಯೇ, ಚೀಲಗಳು ಕಣ್ಣೆದುರಿಗೇ ಇದ್ದವು. ಆದರೆ ಅದೇ 8 ಕ್ವಿಂಟಲಿಗಾಗಿ ಬಂದಿದ್ದ 1,20,000 ರೂಪಾಯಿ ಆಗಲೇ ಮಾರಾಟದಲ್ಲಿ ಕುಳಿತಿತ್ತು. ಒಂದೇ ಅಡಿಕೆ ಒಂದು ಕಡೆ ದಾಸ್ತಾನಾಗಿ, ಇನ್ನೊಂದು ಕಡೆ ಭಾಗಶಃ ಮಾರಾಟವಾಗಿ, ಎರಡು ಸಲ ಲೆಕ್ಕಕ್ಕೆ ಬಂತು. 20 ಕ್ವಿಂಟಲಿನ ಖರೀದಿ 8,40,000 ಕಳೆದರೆ ಲಾಭ 1,56,000 ಎಂದು ತಃಖ್ತೆ ತೋರಿಸಿತು. ಕ್ವಿಂಟಲಿಗೆ ನಮಗೆ ಸಿಗುತ್ತಿದ್ದುದು 3,000 ರೂಪಾಯಿ. ಹೋದ 12 ಕ್ವಿಂಟಲಿಗೆ ನಿಜವಾದ ಲಾಭ 36,000. ಇಪ್ಪತ್ತಕ್ಕೆ ಇಪ್ಪತ್ತೂ ಹೋಗಿದ್ದರೂ 60,000 ಮೀರುವಂತಿರಲಿಲ್ಲ. ಪೂರ್ತಿ ವ್ಯವಹಾರದಲ್ಲಿ ಇಲ್ಲದ ಲಾಭ ಅರ್ಧ ವ್ಯವಹಾರದಲ್ಲಿ ಬಂದಿತ್ತು, ನಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ!

ಏಕೆ ಬರಲಿಲ್ಲವೆಂದರೆ, ಬ್ಯಾಂಕ್ ಶಿಲ್ಕು ಪೈಸೆಗೆ ಪೈಸೆ ತಾಳೆಯಾಗಿತ್ತು. ಮುಂಗಡವನ್ನು ಯಾವ ಬಾಬ್ತಿಗೆ ಹಾಕಿದರೂ ಶಿಲ್ಕು ತಾಳೆಯಾಗಿಯೇ ಆಗುತ್ತದೆ. ಹಣ ಬಂದದ್ದಂತೂ ನಿಜವಷ್ಟೆ. ಈ ತಪ್ಪನ್ನು ಹಿಡಿಯಬೇಕಾದರೆ ರೂಪಾಯಿಯನ್ನು ತೂಕದ ಪಕ್ಕದಲ್ಲಿಟ್ಟು ನೋಡಬೇಕು. ಮಾರಾಟ 6,60,000, ತೂಕದ ಪುಸ್ತಕದಲ್ಲಿ ಹೊರಹೋದದ್ದು 12 ಕ್ವಿಂಟಲ್. ಭಾಗಿಸಿದರೆ ಕ್ವಿಂಟಲಿಗೆ 55,000. ನಾವು ಒಪ್ಪಿದ್ದ ದರವೇ 45,000. ಇಷ್ಟು ಭಾಗಾಕಾರ ಮಾಡಿದ್ದರೆ ಸಾಕಿತ್ತು.

ಸೆಪ್ಟೆಂಬರಿನ ಮಹಾಸಭೆಯಲ್ಲಿ ಡಿವಿಡೆಂಡ್ ಮಂಜೂರಾಯಿತು, ಹಂಚಿಯೂ ಆಯಿತು. ಇತ್ತ ಗಿರಾಕಿ ಇಂದು ನಾಳೆ ಎನ್ನುತ್ತ ಮಳೆಗಾಲ ಕಳೆದರು. ಅಕ್ಟೋಬರಿನಲ್ಲಿ ಲಾರಿ ಬಂದಾಗ 8 ಕ್ವಿಂಟಲ್ ಅಡಿಕೆ ತೇವ ಹಿಡಿದು, ಸ್ಯಾಂಪಲ್ಲಿಗೆ ಹೊಂದಲಿಲ್ಲ. ತಡ ಮಾಡಿದವರು ಅವರು, ಕೆಡಲು ಬಿಟ್ಟವರು ನಾವು. ಮಾತು ಬೆಳೆಸದೆ 1,20,000 ಹಿಂತಿರುಗಿಸುವುದೆಂದು ಆಡಳಿತ ಮಂಡಳಿ ನಿರ್ಧರಿಸಿತು. ಆಗ ಗುಮಾಸ್ತರು ಮತ್ತೆ ಕೇಳಿದರು, "ಯಾವ ಬಾಬ್ತಿಗೆ ಖರ್ಚು ಹಾಕಲಿ?" ಅವರ ಹೆಸರಿನಲ್ಲಿ ಒಂದು ಪೈಸೆಯೂ ಜಮಾ ಇರಲಿಲ್ಲ. ಕೊನೆಗೆ ಅದು ಆ ವರ್ಷದ ನಷ್ಟವಾಗಿ ಹೋಯಿತು. ಹಿಂದಿನ ವರ್ಷದ ಸುಳ್ಳು ಲಾಭ ಹಂಚಿ, ಈ ವರ್ಷದ ಸುಳ್ಳು ನಷ್ಟವನ್ನು ಹೊಸ ಸದಸ್ಯರೂ ಸೇರಿ ಹೊತ್ತಂತಾಯಿತು.

ಸರಿಯಾಗಿ ಬರೆದಿದ್ದರೆ ಹೇಗಿರುತ್ತಿತ್ತು? ಕೆಲಸವೇನೂ ಹೆಚ್ಚಿನದಲ್ಲ. ಮಾರ್ಚ್ 10ರಂದು ಕಿರ್ದಿಯ ಖರ್ಚು ಬದಿಗೆ ಬ್ಯಾಂಕ್ ಖಾತೆ 3,00,000, ಜಮಾ ಬದಿಗೆ "ಗಿರಾಕಿಗಳ ಮುಂಗಡ" ಎಂಬ ಬಾಬ್ತಿನಲ್ಲಿ ಆ ಗಿರಾಕಿಯ ಹೆಸರಿಗೆ 3,00,000. ಅಷ್ಟೇ, ಮಾರಾಟದ ಮಾತೇ ಇಲ್ಲ. ಅವರಿಗೆ ಕೊಡಬೇಕಾದದ್ದೂ ಮುಂಗಡದ ರಶೀದಿ, ಬಿಲ್ಲಲ್ಲ. 28ರಂದು 12 ಕ್ವಿಂಟಲ್ ತೂಗಿ ಬಿಲ್ಲು ಮಾಡಿದಾಗ ಜಮಾ ಬದಿಗೆ ಅಡಿಕೆ ಮಾರಾಟ 5,40,000. ಖರ್ಚು ಬದಿಗೆ ಬ್ಯಾಂಕ್ 3,60,000 ಮತ್ತು ಅವರ ಮುಂಗಡ ಖಾತೆ 1,80,000. ಅವರ ಖಾತೆಯಲ್ಲಿ ಉಳಿಯುವ 1,20,000 ವರ್ಷಾಂತ್ಯದ ಆಸ್ತಿ-ಜವಾಬ್ದಾರಿ ತಃಖ್ತೆಯಲ್ಲಿ ಜವಾಬ್ದಾರಿಯ ಕಡೆಗೆ ಬರುತ್ತದೆ, 8 ಕ್ವಿಂಟಲ್ ಆಸ್ತಿಯ ಕಡೆಗೆ ಬರುತ್ತದೆ, ಲಾಭ 36,000 ಎಂದೇ ನಿಲ್ಲುತ್ತದೆ. ಅಕ್ಟೋಬರಿನಲ್ಲಿ ಹಣ ಹಿಂತಿರುಗಿಸಿದಾಗ ಮುಂಗಡ ಖಾತೆಗೆ ಖರ್ಚು, ಬ್ಯಾಂಕಿಗೆ ಜಮಾ. ಲಾಭ-ನಷ್ಟಕ್ಕೆ ಆ ಹಣದ ಸೋಂಕೇ ಇಲ್ಲ. ಅಡಿಕೆ ಕೆಟ್ಟದ್ದರ ನಷ್ಟ ಬೇರೆ, ಅದನ್ನು ಬೇರೆಯಾಗಿಯೇ ಬರೆಯಬೇಕು.

ಇಲ್ಲಿ ಒಂದು ಮಾತು. ಮುಂಗಡವನ್ನು ತೂಕಕ್ಕೆ ಹಂಚಿ ಕಳೆಯುವುದೋ, ಮೊದಲ ಲಾರಿಗೇ ಪೂರ್ತಿ ಕಳೆದುಬಿಡುವುದೋ ಎಂಬುದು ಒಪ್ಪಂದದ ವಿಷಯ. ಮೊದಲ ಲಾರಿಗೇ ಕಳೆದಿದ್ದರೆ ಗಿರಾಕಿ ಅಂದು 2,40,000 ಮಾತ್ರ ಕೊಡುತ್ತಿದ್ದರು, ಮಾರ್ಚ್ 31ಕ್ಕೆ ನಮ್ಮ ಜವಾಬ್ದಾರಿ ಏನೂ ಇರುತ್ತಿರಲಿಲ್ಲ. ಆದ್ದರಿಂದ ರಶೀದಿಯ ಮೇಲೆಯೇ ಒಂದು ಸಾಲು ಬರೆದುಕೊಳ್ಳುವುದು ಒಳ್ಳೆಯದು. ಹಾಗೆಯೇ ಆ ಹಣ ಬೆಲೆಯ ಒಂದು ಭಾಗವೋ, ಮಾತು ತಪ್ಪಿದರೆ ಮುಟ್ಟುಗೋಲಾಗುವ ಬಯಾನಾ ಹಣವೋ ಎಂದೂ ಬರೆದಿರಬೇಕು. ಬೆಲೆಯ ಭಾಗವೆಂದು ಪಡೆದದ್ದನ್ನು, ಗಿರಾಕಿ ಬರಲಿಲ್ಲವೆಂದ ಮಾತ್ರಕ್ಕೆ ನಮ್ಮದೆನ್ನಲಾಗದು. ನಮಗಾದ ನಷ್ಟವನ್ನಷ್ಟೇ ಕೇಳಬಹುದು. ಬಯಾನಾ ನ್ಯಾಯವಾಗಿ ನಮ್ಮಲ್ಲೇ ಉಳಿದರೂ ಅದು ಇತರ ಆದಾಯವೇ ಹೊರತು ಮಾರಾಟವಲ್ಲ, ಏಕೆಂದರೆ ಒಂದು ಅಡಿಕೆಯೂ ಗೋದಾಮು ಬಿಟ್ಟಿಲ್ಲ.

"ಚೀಲ ನಮ್ಮಲ್ಲಿದ್ದರೆ ಎಂದಿಗೂ ಮಾರಾಟವಲ್ಲವೆ?" ಎಂದು ನಿರ್ದೇಶಕರೊಬ್ಬರು ಕೇಳಿದ್ದುಂಟು. ಹಾಗೂ ಅಲ್ಲ. ಗಿರಾಕಿ ಬಂದು ನೋಡಿ, ತೂಗಿಸಿ, ತನ್ನ ಗುರುತು ಹಾಕಿಸಿ, ಬಿಲ್ಲು ಒಪ್ಪಿಕೊಂಡು, "ಲಾರಿ ಬರುವವರೆಗೆ ನಿಮ್ಮಲ್ಲಿರಲಿ" ಎಂದು ತಾನೇ ಬಿಟ್ಟುಹೋದರೆ ಆ ಚೀಲ ಅವನದಾಯಿತು. ಆಗ ಅದು ಮಾರಾಟ, ಮತ್ತು ನಮ್ಮ ದಾಸ್ತಾನಿನಲ್ಲಿ ಎಣಿಸಬಾರದು. ರಾಶಿಯೊಳಗಿನ ಯಾವ ಚೀಲ ಯಾರದೆಂದು ಬೇರ್ಪಡದೆ ಇರುವವರೆಗೆ ಮಾತ್ರ ಅದು ನಮ್ಮದೇ. ನಮ್ಮ 8 ಕ್ವಿಂಟಲ್ ಹಾಗೆ ಬೇರ್ಪಟ್ಟಿರಲಿಲ್ಲ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಕಾಫಿ ಕೊಯ್ಲಿಗೆ ಮುಂಚೆ ಆಳಿನ ಕೂಲಿಗೆಂದು ವ್ಯಾಪಾರಿಯಿಂದ ಮುಂಗಡ ತಂದು, ಡೈರಿಯಲ್ಲಿ "ಕಾಫಿ ಬಾಬ್ತು ಬಂದದ್ದು" ಎಂದು ಬರೆಯುವ ಸದಸ್ಯರು ಬಹಳ. ಏಪ್ರಿಲಿನಲ್ಲಿ ಚೆರ್‍ರಿ ಕೊಟ್ಟಾಗ ಪೂರ್ತಿ ಬಿಲ್ಲಿನ ಮೊತ್ತವನ್ನು ಮತ್ತೆ ಬರೆಯುತ್ತಾರೆ. ಮುಂಗಡದಷ್ಟು ಆದಾಯ ಎರಡು ಸಲ ಆಯಿತು. ಪ್ರತಿ ವ್ಯಾಪಾರಿಗೂ ಒಂದು ಪುಟ ಇಟ್ಟು, ಎಡಕ್ಕೆ ಪಡೆದ ರೂಪಾಯಿ, ಬಲಕ್ಕೆ ಕೊಟ್ಟ ಚೀಲ ಮತ್ತು ಅದಕ್ಕೆ ಕಳೆದ ಮುಂಗಡ ಬರೆದರೆ ಸಾಕು. ದರ ಗೊತ್ತಾಗದಿದ್ದರೂ ಚಿಂತೆಯಿಲ್ಲ: ಮುಂಗಡದ ಪುಟ ರೂಪಾಯಿಯಲ್ಲಿ ನಡೆಯುತ್ತದೆ, ದರ ಬಿಲ್ಲಿನ ದಿನ ಬರುತ್ತದೆ. ಬಡ್ಡಿ ಹಾಕುವ ಮಂಡಿಯ "ಮುಂಗಡ" ಮಾತ್ರ ಈ ಪುಟಕ್ಕೆ ಬರಬಾರದು. ಫಸಲು ಬರಲಿ ಬಿಡಲಿ, ಬಡ್ಡಿ ಸಹಿತ ಹಣವನ್ನೇ ತೀರಿಸಬೇಕಾದದ್ದು ಸಾಲ. ಅದನ್ನು ಸಾಲವೆಂದೇ ಬರೆಯಬೇಕು. ಹಣವನ್ನು ಆದಷ್ಟೂ ಬ್ಯಾಂಕಿನ ಮೂಲಕವೇ ಪಡೆಯಿರಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲಿನಿಂದ ನಿಷೇಧಿಸಿದೆ, ಕಂತು ಮಾಡಿ ಪಡೆದರೂ ಬಿಡುವುದಿಲ್ಲ.

ಜಿ.ಎಸ್.ಟಿ. ನೋಂದಣಿ ಇರುವ ನಮ್ಮಂಥ ಸಂಘಗಳಿಗೆ ಸರಕಿನ ಮುಂಗಡದ ಮೇಲೆ ತೆರಿಗೆ ಕಟ್ಟುವ ತಾಪತ್ರಯ, ಕಾಂಪೋಸಿಷನ್ ವರ್ತಕರನ್ನು ಬಿಟ್ಟು, 2017ರ ನವೆಂಬರ್ 15ರಿಂದ ಇಲ್ಲ. ತೆರಿಗೆ ಬಿಲ್ಲಿನೊಂದಿಗೆ ಬರುತ್ತದೆ. ಮುಂಗಡದ ದಿನವೇ ಬಿಲ್ಲು ಹರಿದುಕೊಟ್ಟು, ಇಲ್ಲದ ತೆರಿಗೆಯನ್ನು ತಲೆಗೆ ಕಟ್ಟಿಕೊಳ್ಳಬೇಡಿ.

ಜವಾಬ್ದಾರಿ ಹೆಚ್ಚು ತೋರಿಸಿದರೆ ಸಂಘ ಬಡವಾಗಿ ಕಾಣುತ್ತದೆ, ಬ್ಯಾಂಕಿನವರು ಹಿಂಜರಿಯುತ್ತಾರೆ ಎಂಬ ಆಕ್ಷೇಪವನ್ನು ಆಡಳಿತ ಮಂಡಳಿಯಲ್ಲಿ ಕೇಳಿದ್ದೇವೆ. ನಮಗೆ ಇದು ಒಪ್ಪಿಗೆಯಿಲ್ಲ. ಗಿರಾಕಿ ನಂಬಿ ಮುಂಗಡ ಕೊಟ್ಟಿರುವುದು ಬ್ಯಾಂಕಿನವರಿಗೆ ಒಳ್ಳೆಯ ಸುದ್ದಿಯೇ. 45,000ದ ಅಡಿಕೆ ಪುಸ್ತಕದಲ್ಲಿ 55,000ಕ್ಕೆ ಹೋಗಿರುವುದು ಅವರ ಕಣ್ಣಿಗೆ ಬಿದ್ದರೆ ಅದು ಕೆಟ್ಟ ಸುದ್ದಿ. ಮುಂದಿನ ತಿಂಗಳ ಸಭೆಯಿಂದ ಬಾಕಿ ಮುಂಗಡಗಳ ಪಟ್ಟಿಯನ್ನು ಗಿರಾಕಿಯ ಹೆಸರು, ರೂಪಾಯಿ, ಕೊಡಬೇಕಾದ ಕ್ವಿಂಟಲ್, ಕೊಡುವ ಗಡುವು, ಈ ನಾಲ್ಕು ಕಲಮುಗಳಲ್ಲಿ ಓದಿಸುತ್ತೇವೆ. ಗಡುವು ಮೀರಿದ ಚೀಲಗಳನ್ನು ಮಳೆ ಹಿಡಿಯುವ ಮೊದಲೇ ಬಿಚ್ಚಿ ಒಣಗಿಸುವ ಖರ್ಚಿಗೂ ಅದೇ ಸಭೆಯಲ್ಲಿ ಮಂಜೂರಾತಿ ಕೇಳಲಿದ್ದೇವೆ.